ಶಾಸನದ ‘ಎಂಟನೇ ವರ್ಷ’ ಯಾವ ಇಸವಿ? ಬನವಾಸಿ ಕದಂಬರ ಕಾಲ ಲೆಕ್ಕ ಹಾಕುವ ಬಗೆ

ಬನವಾಸಿಯ ಕದಂಬ ದೊರೆ ರವಿವರ್ಮ ಕ್ರಿ.ಶ. 485ರಿಂದ 519ರವರೆಗೆ ಆಳಿದ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಅವನ ತಾಮ್ರಪಟಗಳನ್ನು ಬಿಡಿಸಿ ನೋಡಿದರೆ 485ಕ್ಕೆ ಸಮನಾದ ಶಕವರ್ಷ ಎಲ್ಲೂ ಸಿಗುವುದಿಲ್ಲ. ‘ನನ್ನ ಆಳ್ವಿಕೆಯ ಇಷ್ಟನೇ ವರ್ಷ’ ಅಂತ ಮಾತ್ರ ಇರುತ್ತದೆ. ಹಾಗಾದರೆ 485 ಎಲ್ಲಿಂದ ಬಂತು? ಅದನ್ನು ನಾವೇ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬಹುದು. ಬನವಾಸಿ ಇರುವುದು ನಮ್ಮ ಶಿರಸಿ ತಾಲೂಕಿನಲ್ಲೇ, ರವಿವರ್ಮನ ಒಂದು ಮುಖ್ಯ ತಾಮ್ರಪಟ ಸಿಕ್ಕಿದ್ದೂ ಶಿರಸಿಯಲ್ಲೇ. ಅದಕ್ಕೇ ಈ ಮನೆತನವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಳ್ವಿಕೆಯ ವರ್ಷದಿಂದ ನಮಗೆ ಸಿಗುವುದು ಒಂದು ಅವಧಿ. ‘ಇದಕ್ಕಿಂತ ಮುಂಚೆ ಅಲ್ಲ, ಇದಕ್ಕಿಂತ ಆಮೇಲೆ ಅಲ್ಲ’ ಎಂಬ ಎರಡು ಗಡಿ. ಪುಸ್ತಕದಲ್ಲಿ ಅದು ಒಂಟಿ ಇಸವಿಯಾಗಿ ಅಚ್ಚಾದ ಕೂಡಲೇ ಗಡಿ ಮರೆತುಹೋಗುತ್ತದೆ. ನೀವು ಲೆಕ್ಕ ಹಾಕುವಾಗ ಎರಡೂ ಗಡಿ ಬರೆದಿಡಿ.

ಮೊದಲು ಶಾಸನದ ಮಾತನ್ನು ಸರಿಯಾಗಿ ಓದಿ

ಸಂಸ್ಕೃತ ತಾಮ್ರಪಟಗಳಲ್ಲಿ ವರ್ಷ ಬರುವುದು ‘ಅಷ್ಟಮೇ’, ‘ದ್ವಾದಶೇ’ ಎಂಬ ರೂಪದಲ್ಲಿ. ಅಂದರೆ ಎಂಟನೇ ವರ್ಷದಲ್ಲಿ, ಹನ್ನೆರಡನೇ ವರ್ಷದಲ್ಲಿ. ಎಷ್ಟೋ ಕಡೆ ‘ಪ್ರವರ್ಧಮಾನ’ ಎಂಬ ಮಾತೂ ಜೊತೆಗಿರುತ್ತದೆ. ಬೆಳೆಯುತ್ತಾ ಸಾಗಿರುವ ಆಳ್ವಿಕೆ ಅಂತ ಅರ್ಥ. ಎಂಟನೇ ವರ್ಷ ನಡೆಯುತ್ತಿದೆ ಎಂದರೆ ಮುಗಿದದ್ದು ಏಳೇ. ಹಾಗಾಗಿ ಕಳೆಯಬೇಕಾದದ್ದು ಏಳು, ಎಂಟಲ್ಲ:

```
ಪಟ್ಟಕ್ಕೆ ಬಂದ ಇಸವಿ = ಶಾಸನದ ಇಸವಿ − (ಆಳ್ವಿಕೆಯ ವರ್ಷ − 1)
```

ಇದರಿಂದ ಬರುವ ಇಸವಿಯೂ ಪೂರ್ತಿ ಉತ್ತರ ಅಲ್ಲ. ಬಾದಾಮಿಯ ಮೂರನೇ ಗುಹೆಯ ಶಾಸನ ಇಟ್ಟುಕೊಂಡು ನೋಡೋಣ. ಅದು ಚಾಲುಕ್ಯ ಮೊದಲನೇ ಕೀರ್ತಿವರ್ಮನ ಕಾಲದ್ದು, ಬರೆಸಿದವನು ಅವನ ತಮ್ಮ ಮಂಗಳೇಶ. ಕೀರ್ತಿವರ್ಮನ ಹನ್ನೆರಡನೇ ವರ್ಷ, ಶಕ 500 ಕಳೆದ ಮೇಲೆ, ಕಾರ್ತಿಕ ಹುಣ್ಣಿಮೆ ಎಂದು ಅದರಲ್ಲಿದೆ. ಆಳ್ವಿಕೆಯ ವರ್ಷವೂ ಶಕವರ್ಷವೂ ಒಂದೇ ಕಡೆ ಸಿಗುವ ಇಂಥ ಶಾಸನ ಲೆಕ್ಕ ಹಾಕುವವರಿಗೆ ದೊಡ್ಡ ಆಸರೆ. ಕಳೆದ ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ, ಅಂದರೆ 578. ಕಾರ್ತಿಕ ಹುಣ್ಣಿಮೆ ಆ ವರ್ಷ ಅಕ್ಟೋಬರ್ ಕೊನೆಗೆ ಬಂದಿತ್ತು. (ತಿಥಿ ಪುಷ್ಯದಲ್ಲೋ ಮಾಘದಲ್ಲೋ ಇದ್ದು ಜನವರಿ ದಾಟಿದ್ದರೆ 79 ಕೂಡಿಸಬೇಕು.)

578ರಿಂದ 11 ಕಳೆದರೆ 567. ಆದರೆ 578ರ ಅಕ್ಟೋಬರ್ ಕೊನೆಯ ಆ ದಿನ ಹನ್ನೆರಡನೇ ವರ್ಷದ ಮೊದಲ ದಿನವಾಗಿರಬಹುದು, ಕೊನೆಯ ದಿನವೂ ಆಗಿರಬಹುದು. ಮೊದಲ ದಿನವಾಗಿದ್ದರೆ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 567ರ ಅಕ್ಟೋಬರ್ ಕೊನೆಗೆ. ಕೊನೆಯ ದಿನವಾಗಿದ್ದರೆ ಅದಕ್ಕಿಂತ ಒಂದು ವರ್ಷ ಮುಂಚೆ, 566ರ ನವೆಂಬರ್ ಆರಂಭಕ್ಕೆ. ಕೆಲವು ಪುಸ್ತಕಗಳಲ್ಲಿ 566, ಕೆಲವದರಲ್ಲಿ 567 ಇರುವುದಕ್ಕೆ ಇದೇ ಕಾರಣ. ಯಾರದ್ದೂ ತಪ್ಪಲ್ಲ. ಒಂದು ಶಾಸನ ಕೊಡುವುದು ಹನ್ನೆರಡು ತಿಂಗಳ ಒಂದು ಕಿಟಕಿ. ಅದೇ ರಾಜನ ಇನ್ನೊಂದು ಶಾಸನ ಬೇರೆ ತಿಂಗಳಿನ ತಿಥಿಯೊಂದಿಗೆ ಸಿಕ್ಕಿದರೆ ಕಿಟಕಿ ಇನ್ನೂ ಕಿರಿದಾಗುತ್ತದೆ.

ಶಕವರ್ಷ ಇಲ್ಲದಿದ್ದರೆ?

ಬನವಾಸಿಯ ಆರಂಭದ ಕದಂಬರ ತಾಮ್ರಪಟಗಳಲ್ಲಿ ಶಕವರ್ಷ ಇಲ್ಲ. ವಾರವೂ ಸಿಗುವುದಿಲ್ಲ. ಉಳಿಯುವ ದಾರಿ ಆಕಾಶ. ಗ್ರಹಣ, ಸಂಕ್ರಮಣ, ವಿಷುವ ಇಂಥದ್ದೇನಾದರೂ ಶಾಸನದಲ್ಲಿದ್ದರೆ ಹಿಂದಕ್ಕೆ ಲೆಕ್ಕ ಹಾಕಿ ದಿನ ಹಿಡಿಯಬಹುದು. ಬರೀ ತಿಥಿ ಇದ್ದರೆ ಪ್ರಯೋಜನ ಇಲ್ಲ, ಕಾರ್ತಿಕ ಶುದ್ಧ ಪಂಚಮಿ ಪ್ರತಿ ವರ್ಷವೂ ಬರುತ್ತದಲ್ವಾ? ಅಪರೂಪಕ್ಕೆ ಜೊತೆಯಾಗುವ ಎರಡು ಸಂಗತಿ ಬೇಕು.

ಈ ಮನೆತನದ ಪುಣ್ಯಕ್ಕೆ ಅಂಥದ್ದೊಂದು ಸಿಕ್ಕಿದೆ. ರವಿವರ್ಮನ ಮಗ ಹರಿವರ್ಮನ ತಾಮ್ರಪಟ, ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯಲ್ಲಿ ಸಿಕ್ಕಿದ್ದು. ಅದರಲ್ಲಿ ಹರಿವರ್ಮನ ಎಂಟನೇ ವರ್ಷ, ಆಶ್ವಯುಜ ಮಾಸದ ಅಮಾವಾಸ್ಯೆ, ವಿಷುವದ ದಿನ ಎಂದಿದೆ. ವಿಷುವ ಅಂದರೆ ಹಗಲು ರಾತ್ರಿ ಸಮ ಆಗುವ ದಿನ. ಆಶ್ವಯುಜ ಎಂದಿರುವುದರಿಂದ ಇದು ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿನ ವಿಷುವ.

ಇಲ್ಲಿ ಈಗಿನ ಪಂಚಾಂಗ ನೋಡಿ ರೂಢಿಯಾದವರಿಗೆ ಒಂದು ಗೊಂದಲ ಆಗುತ್ತದೆ. ಆಶ್ವಯುಜ ಅಮಾವಾಸ್ಯೆ ಅಂದರೆ ದೀಪಾವಳಿ. ಅದು ಬರುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ. ಹಗಲು ರಾತ್ರಿ ಸಮ ಆಗುವುದು ಸೆಪ್ಟೆಂಬರ್ 23ರ ಆಚೀಚೆ. ಎರಡೂ ಒಂದೇ ದಿನ ಆಗುವುದು ಹೇಗೆ? ಈಗ ಆಗುವುದಿಲ್ಲ. ಆದರೆ ಆರನೇ ಶತಮಾನದಲ್ಲಿ ನಮ್ಮ ಪಂಚಾಂಗದ ತುಲಾ ಸಂಕ್ರಮಣವೂ ನಿಜವಾದ ವಿಷುವವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಿದ್ದವು. ಆಮೇಲೆ ನಕ್ಷತ್ರಗಳ ಲೆಕ್ಕದ ಸಂಕ್ರಮಣ ನಿಧಾನಕ್ಕೆ ಮುಂದೆ ಸರಿಯುತ್ತಾ ಬಂದು ಈಗ ಅಕ್ಟೋಬರ್ 17ರ ಹೊತ್ತಿಗೆ ನಿಂತಿದೆ. ಆದ್ದರಿಂದ ಹಳೆಯ ಶಾಸನದ ತಿಂಗಳನ್ನು ಈಗಿನ ಕ್ಯಾಲೆಂಡರಿನ ತಿಂಗಳಿಗೆ ನೇರವಾಗಿ ಹೊಂದಿಸಬೇಡಿ. ಆ ಶತಮಾನದಲ್ಲಿ ಆ ಮಾಸ ಎಲ್ಲಿ ಬೀಳುತ್ತಿತ್ತು ಎಂದು ನೋಡಿ.

ಇನ್ನೊಂದು ಸಂಗತಿ ಇದೆ. ನಮ್ಮ ಕಡೆ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದ ಕಡೆ ಹುಣ್ಣಿಮೆಗೆ ಮುಗಿಯುತ್ತದೆ. ಬಹುಳ ಪಕ್ಷದ ತಿಥಿಗೆ ಈ ಎರಡು ಪದ್ಧತಿಯಲ್ಲಿ ತಿಂಗಳ ಹೆಸರೇ ಬೇರೆಯಾಗುತ್ತದೆ. ಶಾಸನ ಬರೆದವನು ಯಾವುದನ್ನು ಬಳಸಿದ ಎಂದು ಮೊದಲೇ ತೀರ್ಮಾನ ಮಾಡದೆ ಎರಡನ್ನೂ ಹಾಕಿ ನೋಡಬೇಕು. ಶುದ್ಧ ಪಕ್ಷದ ತಿಥಿಗೆ ಈ ತೊಂದರೆ ಇಲ್ಲ.

ಅಮಾವಾಸ್ಯೆಯೂ ವಿಷುವವೂ ಒಂದೇ ದಿನ ಬಿದ್ದದ್ದು ಯಾವಾಗ?

ಹಿಂದಿನ ವಿದ್ವಾಂಸರು ಇದನ್ನು ಲೆಕ್ಕ ಹಾಕಿ ಎರಡು ದಿನ ಕೊಟ್ಟಿದ್ದಾರೆ. ಒಂದು 526ರ ಸೆಪ್ಟೆಂಬರ್ 22, ಇನ್ನೊಂದು 545ರ ಸೆಪ್ಟೆಂಬರ್ 21. ಮಧ್ಯದ ಅಂತರ 19 ವರ್ಷ. ಇದು ಸುಮ್ನೆ ಬಂದದ್ದಲ್ಲ. ಚಂದ್ರನ 235 ತಿಂಗಳು ಸೂರ್ಯನ 19 ವರ್ಷಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ವ್ಯತ್ಯಾಸ ಕೆಲವೇ ಗಂಟೆ. ಹಾಗಾಗಿ ಒಂದು ವರ್ಷ ಅಮಾವಾಸ್ಯೆ ವಿಷುವದ ದಿನ ಬಿದ್ದರೆ 19 ವರ್ಷ ಬಿಟ್ಟು ಮತ್ತೆ ಅಲ್ಲಿಗೇ ಬರುತ್ತದೆ. ಮಧ್ಯದ ವರ್ಷಗಳಲ್ಲಿ ಹತ್ತಿರ ಬರುವುದು 8 ಮತ್ತು 11 ವರ್ಷಕ್ಕೆ, ಆದರೆ ಆಗ ಸುಮಾರು ಒಂದೂವರೆ ದಿನ ಆಚೀಚೆ ಆಗುತ್ತದೆ. ಹೀಗೆ ಹಿಂದಕ್ಕೆ ಎಣಿಸಿದರೆ 507 ಕೂಡ ಪಟ್ಟಿಗೆ ಬರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ. ಬೇಡದ್ದನ್ನು ಆಮೇಲೆ ಕಾರಣ ಕೊಟ್ಟು ತೆಗೆಯೋಣ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ ತರಹದ ಆಕಾಶ ತೋರಿಸುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಸ್ಥಳ ಬನವಾಸಿಗೆ ಇಡಿ, ದಿನಾಂಕ 526ರ ಸೆಪ್ಟೆಂಬರ್ 22 ಕೊಡಿ. ಸೂರ್ಯನ ಮೇಲೆ ಕ್ಲಿಕ್ ಮಾಡಿ ಅದರ ರೇಖಾಂಶ ನೋಡಿ. ಆ ಕಾಲದ ವಿಷುವ ಬಿಂದುವಿನಿಂದ ಅಳೆದದ್ದು 180 ಡಿಗ್ರಿ ಹತ್ತಿರ ಇದ್ದರೆ ವಿಷುವ. ಚಂದ್ರನ ರೇಖಾಂಶವೂ ಸೂರ್ಯನದ್ದಕ್ಕೆ ತಾಗಿಕೊಂಡಿದ್ದರೆ ಅಮಾವಾಸ್ಯೆ. ಹಿಂದಿನ ಮುಂದಿನ ದಿನವನ್ನೂ ನೋಡಿ, ಯಾಕೆಂದರೆ ತಿಥಿ ಒಂದು ದಿನ ಶುರುವಾಗಿ ಮರುದಿನ ಮುಗಿಯಬಹುದು. ಆ ಕಾಲದ ಪಂಚಾಂಗದವರ ಲೆಕ್ಕವೂ ಈಗಿನ ಖಗೋಳ ಲೆಕ್ಕವೂ ಗಂಟೆಗೆ ಗಂಟೆ ಹೊಂದುವುದಿಲ್ಲ. ಒಂದು ದಿನದ ವ್ಯತ್ಯಾಸಕ್ಕೆ ಜಾಗ ಕೊಡಿ, ಅದಕ್ಕಿಂತ ಜಾಸ್ತಿ ಬೇಡ.

ದಿನಾಂಕ ಕೊಡುವಾಗ ಒಂದು ಎಚ್ಚರ ಬೇಕು. 1582ಕ್ಕಿಂತ ಹಿಂದಿನ ದಿನಾಂಕಗಳನ್ನು ಇತಿಹಾಸದವರು ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಹೇಳುತ್ತಾರೆ. ಮೇಲೆ ಹೇಳಿದ ಸೆಪ್ಟೆಂಬರ್ 22 ಕೂಡ ಅದೇ ಲೆಕ್ಕದ್ದು. ಕೆಲವು ವೆಬ್ ಪುಟಗಳು ಈಗಿನ ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೂ ಎಳೆಯುತ್ತವೆ. ಆಗ ಅದೇ ದಿನ ಸೆಪ್ಟೆಂಬರ್ 24 ಎಂದು ಕಾಣಿಸುತ್ತದೆ. ನಿಮ್ಮ ಲೆಕ್ಕ ಪುಸ್ತಕದ್ದಕ್ಕಿಂತ ಸರಿಯಾಗಿ ಎರಡು ದಿನ ಮುಂದಿದ್ದರೆ ಕಾರಣ ಇದೇ ಇರುತ್ತದೆ.

ಮೂರರಲ್ಲಿ ಒಂದನ್ನು ಆರಿಸುವುದು

ಆಕಾಶ ಮೂರು ಉತ್ತರ ಕೊಟ್ಟಿತು: 507, 526, 545. ಇನ್ನು ಆರಿಸುವುದು ಇತಿಹಾಸದ ಕೆಲಸ. ಹಿಂದಿನ ರಾಜರಿಗೂ ಮುಂದಿನ ರಾಜರಿಗೂ ಸಾಕಷ್ಟು ಜಾಗ ಉಳಿಯುತ್ತದಾ ಎಂದು ನೋಡಬೇಕು.

ಇಲ್ಲೇ ಶಿರಸಿಯ ತಾಮ್ರಪಟ ಕೆಲಸಕ್ಕೆ ಬರುವುದು. ರವಿವರ್ಮನ ಪ್ರೀತಿಯ ವೈದ್ಯ ನೀಲಕಂಠನಿಗೆ ಸಂಬಂಧಪಟ್ಟ ಮಹಾದೇವ ದೇವಾಲಯಕ್ಕೆ ಭೂಮಿ ಕೊಟ್ಟ ದಾಖಲೆ ಅದು. ವರ್ಷ ರವಿವರ್ಮನ ಮೂವತ್ತೈದನೆಯದು. ಅಂದರೆ ಅವನು 34 ವರ್ಷ ಪೂರ್ತಿ ಆಳಿ ಮುಂದಿನದಕ್ಕೆ ಕಾಲಿಟ್ಟಿದ್ದ.

ಮೊದಲು 507 ಹಿಡಿದು ನೋಡಿ. ಹರಿವರ್ಮನ ಎಂಟನೇ ವರ್ಷ 507 ಆದರೆ ಅವನು ಪಟ್ಟಕ್ಕೆ ಬಂದದ್ದು ತಡ ಅಂದರೆ 500. ಅದರಿಂದ 34 ಕಳೆದರೆ ರವಿವರ್ಮ 466ರೊಳಗೆ ಆಳಲು ಶುರುಮಾಡಿರಬೇಕು. ಅವನ ಹಿಂದೆ ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ಮಾಂಧಾತೃವರ್ಮ ಇದ್ದಾರೆ. ಮೃಗೇಶನೊಬ್ಬನದೇ ಎಂಟನೇ ವರ್ಷದ ತಾಮ್ರಪಟ ಇದೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ಅರಸು ಮನೆಗಳಿಗೆ ಕೊಟ್ಟವನು ಎಂದು ತಾಳಗುಂದದ ಶಾಸನ ಹೇಳುತ್ತದೆ. ಅವನನ್ನು ಐದನೇ ಶತಮಾನದ ಮಧ್ಯಭಾಗದ ಹತ್ತಿರ ಇಡುವುದೇ ರೂಢಿ. ಅವನಾದ ಮೇಲೆ ಮೂವರು 466ರೊಳಗೆ ಆಳಿ ಮುಗಿಸಬೇಕಾಗುತ್ತದೆ. ಅಸಾಧ್ಯ ಅಂತಲ್ಲ, ಆದರೆ ತುಂಬಾ ಇಕ್ಕಟ್ಟು.

ಈಗ 545. ಆಗ ಹರಿವರ್ಮ ಪಟ್ಟಕ್ಕೆ ಬಂದದ್ದು 538ರ ಸುಮಾರಿಗೆ. ಆದರೆ ಬಾದಾಮಿಯ ಬಂಡೆಯ ಮೇಲೆ ಮೊದಲನೇ ಪುಲಕೇಶಿಯ ಶಾಸನ ಇದೆ. ಶಕ 465, ಅಂದರೆ 543. ಅಶ್ವಮೇಧ ಮಾಡಿ ಕೋಟೆ ಕಟ್ಟಿದ ದೊರೆ ಅವನು. ಅವನ ಮಗನೇ ಮೇಲೆ ಬಂದ ಕೀರ್ತಿವರ್ಮ. ಕದಂಬರನ್ನು ಮುರಿದವನು ಕೀರ್ತಿವರ್ಮ ಎಂದು ಐಹೊಳೆಯ ಶಾಸನ ಹೇಳುತ್ತದೆ. ಹರಿವರ್ಮನ ಕಾಲದಲ್ಲೇ ಮುಖ್ಯ ಮನೆತನ ಮುಗಿದು, ತ್ರಿಪರ್ವತದಿಂದ ಆಳುತ್ತಿದ್ದ ಕದಂಬರದೇ ಕವಲಿನ ಎರಡನೇ ಕೃಷ್ಣವರ್ಮ ಬನವಾಸಿ ಹಿಡಿದ. ಅವನ ಹತ್ತೊಂಬತ್ತನೇ ವರ್ಷದ ತಾಮ್ರಪಟವೂ ಶಿರಸಿಯಲ್ಲೇ ಸಿಕ್ಕಿದೆ. 545 ಹಿಡಿದರೆ ಪುಲಕೇಶಿಯ ಏಳಿಗೆ, ಹರಿವರ್ಮನ ಕೊನೆ, ಕೃಷ್ಣವರ್ಮನ ಆಳ್ವಿಕೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ.

526 ಹಿಡಿದರೆ ಹಿಂದೆಯೂ ಜಾಗ ಇದೆ, ಮುಂದೆಯೂ ಜಾಗ ಇದೆ. ನನಗೂ ಇದೇ ಸರಿ ಎನಿಸುತ್ತದೆ. ಆದರೆ ಇದು ಆಯ್ಕೆ ಎಂಬುದನ್ನು ಮರೆಯಬಾರದು. ಆಕಾಶದ ಲೆಕ್ಕ 526ನ್ನೇ ಸಾಬೀತು ಮಾಡಿಲ್ಲ. ನಾಳೆ ಬೇರೆ ತಾಮ್ರಪಟ ಸಿಕ್ಕಿ 545 ಸರಿ ಎಂದಾದರೆ ಇಡೀ ಸರಪಳಿ 19 ವರ್ಷ ಮುಂದೆ ಜರುಗುತ್ತದೆ, ಒಬ್ಬ ರಾಜನೊಬ್ಬನೇ ಅಲ್ಲ.

ಸರಪಳಿ ಎಳೆಯುವುದು

526ರ ಸೆಪ್ಟೆಂಬರ್ 22 ಎಂಟನೇ ವರ್ಷದೊಳಗೆ ಇದೆ. ಮೊದಲು ಹೇಳಿದ ಹಾಗೆ ಕಿಟಕಿ ಹಾಕಿದರೆ ಹರಿವರ್ಮ ಪಟ್ಟಕ್ಕೆ ಬಂದದ್ದು 518ರ ಸೆಪ್ಟೆಂಬರ್ ಕೊನೆಯಿಂದ 519ರ ಸೆಪ್ಟೆಂಬರ್ 22ರೊಳಗೆ. ಪುಸ್ತಕದ 519 ಅಲ್ಲಿಂದ ಬಂತು.

ಅವನಪ್ಪ ರವಿವರ್ಮ ಅದಕ್ಕಿಂತ ಮುಂಚೆ 34 ವರ್ಷ ಪೂರ್ತಿ ಆಳಿದ್ದ. 519ರಿಂದ 34 ಕಳೆಯಿರಿ. 485! ಇದೇ ಆ ಹೆಸರಾದ 485. ಈಗ ನೋಡಿ, ಅದರ ನಿಜವಾದ ಅರ್ಥ ಏನು? ರವಿವರ್ಮ 485ರಲ್ಲಿ ಪಟ್ಟಕ್ಕೆ ಬಂದ ಎಂದಲ್ಲ. ತಡ ಅಂದರೂ 485ರೊಳಗೆ ಬಂದ ಎಂದು. ಶಿರಸಿ ತಾಮ್ರಪಟ ಬರೆಸಿದ ಮೇಲೆ ಅವನು ಇನ್ನೂ ಮೂರು ವರ್ಷ ಬದುಕಿದ್ದರೆ ಶುರು 482ಕ್ಕೆ ಹೋಗುತ್ತದೆ. ಸಿಕ್ಕಿದ ಕೊನೆಯ ಶಾಸನವೇ ರಾಜನ ಕೊನೆಯ ವರ್ಷ ಎನ್ನುವುದಕ್ಕೆ ಆಧಾರ ಇಲ್ಲ. ಎಷ್ಟೋ ತಾಮ್ರಪಟಗಳು ಕರಗಿ ಪಾತ್ರೆಯಾಗಿರಬಹುದು, ಎಷ್ಟೋ ಇನ್ನೂ ಯಾವುದೋ ತೋಟದ ಮಣ್ಣಿನಡಿ ಇರಬಹುದು.

ಈ ಲೆಕ್ಕದಲ್ಲಿ ಎರಡು ನಂಬಿಕೆ ಅಡಗಿದೆ. ಒಂದು, ಅಪ್ಪ ತೀರಿಕೊಂಡ ಕೂಡಲೇ ಮಗ ಪಟ್ಟಕ್ಕೆ ಬಂದ ಎನ್ನುವುದು. ಇದೇ ಮನೆತನದಲ್ಲಿ ಮೃಗೇಶನಿಗೂ ಅವನ ಮಗ ರವಿವರ್ಮನಿಗೂ ಮಧ್ಯೆ ಮಾಂಧಾತೃವರ್ಮ ಬಂದಿದ್ದಾನೆ. ಆದ್ದರಿಂದ ‘ಅಪ್ಪನ ನಂತರ ಮಗ’ ಎಂದು ಕಣ್ಣುಮುಚ್ಚಿ ಎಣಿಸಬೇಡಿ. ಎರಡು, ವರ್ಷದ ಎಣಿಕೆ ಪಟ್ಟದ ದಿನದಿಂದಲೇ ಶುರು ಎನ್ನುವುದು. ಪಟ್ಟದ ವರ್ಷ ಎಷ್ಟೇ ತಿಂಗಳು ಉಳಿದಿರಲಿ ಅದನ್ನೇ ಒಂದನೇ ವರ್ಷ ಎಂದು ಹಿಡಿದು, ಯುಗಾದಿಯಿಂದ ಎರಡನೇ ವರ್ಷ ಎಣಿಸುವ ಪದ್ಧತಿ ಇದ್ದರೆ ಗಡಿ ಕೆಲವು ತಿಂಗಳು ಜರುಗುತ್ತದೆ. ಕೃಷ್ಣವರ್ಮನಂಥವನಲ್ಲಿ ಇನ್ನೂ ದೊಡ್ಡ ಪ್ರಶ್ನೆ: ಹತ್ತೊಂಬತ್ತನೇ ವರ್ಷ ತ್ರಿಪರ್ವತದ ಪಟ್ಟದಿಂದಲೋ ಬನವಾಸಿ ಹಿಡಿದ ಮೇಲೋ? ತ್ರಿಪರ್ವತದಿಂದ ಎಣಿಸಿದ್ದರೆ ಅವನ ಮೊದಲ ವರ್ಷಗಳು ಹರಿವರ್ಮನ ವರ್ಷಗಳ ಜೊತೆಗೇ ನಡೆದಿರುತ್ತವೆ. ಅಂಥ ಕಡೆ ಎರಡು ಆಳ್ವಿಕೆಯನ್ನು ಒಂದರ ಹಿಂದೊಂದು ಜೋಡಿಸಿದರೆ ಇಲ್ಲದ ವರ್ಷಗಳು ಹುಟ್ಟಿಕೊಳ್ಳುತ್ತವೆ.

ರಾಜನ ಆಯುಸ್ಸು

ಆಳ್ವಿಕೆಯ ವರ್ಷದಲ್ಲಿ ರಾಜನ ವಯಸ್ಸು ಇರುವುದಿಲ್ಲ. ‘ಒಂದು ತಲೆಮಾರಿಗೆ 25 ವರ್ಷ’ ಎಂದು ಹಾಕಿ ಹುಟ್ಟಿದ ಇಸವಿ ಬರೆಯುವವರಿದ್ದಾರೆ. ಉದ್ದನೆಯ ವಂಶಾವಳಿಯಲ್ಲಿ ಸರಾಸರಿ ನೋಡಲು ಅದು ಸರಿ, ಒಬ್ಬನ ಬಗ್ಗೆ ಅದರಿಂದ ಏನೂ ಹೇಳಲಾಗದು. ಗಟ್ಟಿ ಗಡಿ ಬೇಕಿದ್ದರೆ ಸಂಬಂಧದಿಂದಲೇ ತೆಗೆಯಬೇಕು. ರವಿವರ್ಮ ಮೃಗೇಶನ ಮಗ. ಹಾಗಾಗಿ ಮೃಗೇಶ ತೀರಿಕೊಂಡು ಒಂಬತ್ತು ತಿಂಗಳಾದ ಮೇಲೆ ಅವನು ಹುಟ್ಟಿರಲು ಸಾಧ್ಯವಿಲ್ಲ. ಮಧ್ಯೆ ಮಾಂಧಾತೃವಿನ ಆಳ್ವಿಕೆ ಇರುವುದರಿಂದ ಮೃಗೇಶನ ಸಾವು 485ಕ್ಕಿಂತ ಕೆಲವು ವರ್ಷವಾದರೂ ಹಿಂದೆ. ಅಲ್ಲಿಗೆ ರವಿವರ್ಮ ಹುಟ್ಟಿದ್ದು ತಡ ಅಂದರೆ 480ರ ಆಸುಪಾಸು, ಬಹುಶಃ ಅದಕ್ಕಿಂತ ಎಷ್ಟೋ ಮುಂಚೆ. ಸಾವು 519ರ ಸೆಪ್ಟೆಂಬರಿನೊಳಗೆ. ಇಷ್ಟು ಮಾತ್ರ ತಾಮ್ರಪಟಗಳು ಕೊಡುತ್ತವೆ.

ಬರೆದಿಡುವಾಗ ಹೀಗೆ ಬರೆಯಿರಿ: ‘ರವಿವರ್ಮ: ಪಟ್ಟ 485ರೊಳಗೆ, 35ನೇ ವರ್ಷ ಶಿರಸಿ ತಾಮ್ರಪಟ, ಕೊನೆ 519ರೊಳಗೆ, ಆಧಾರ ಸಂಗೊಳ್ಳಿ ವಿಷುವ, 526 ಎಂದು ಹಿಡಿದು.’ ಕೊನೆಯ ತುಂಡು ಬಿಡಬೇಡಿ. ಮುಂದೆ ಓದುವವರು 526 ಒಪ್ಪದಿದ್ದರೆ ಎಷ್ಟು ಜರುಗಿಸಬೇಕೆಂದು ಅದರಿಂದಲೇ ಗೊತ್ತಾಗುತ್ತದೆ.

ಎಲ್ಲ ಶಾಸನವೂ ಇಸವಿ ಕೊಡುವುದಿಲ್ಲ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಹೆಡೆ ಬಿಚ್ಚಿದ ನಾಗನ ಕಲ್ಲಿದೆ. ಅದರ ಪ್ರಾಕೃತ ಬರಹದಲ್ಲಿ ಚುಟು ಮನೆತನದ ಸಾತಕರ್ಣಿಯ ಹನ್ನೆರಡನೇ ವರ್ಷ, ಹೇಮಂತದ ಏಳನೇ ಪಕ್ಷ, ಮೊದಲ ದಿನ ಎಂದಿದೆ. ಆ ಕಾಲದಲ್ಲಿ ವರ್ಷಕ್ಕೆ ಮೂರೇ ಋತು, ಒಂದೊಂದಕ್ಕೆ ಎಂಟು ಪಕ್ಷ. ಹಾಗೆ ಎಣಿಸಿದರೆ ಆ ದಿನ ಮಾಘ ಹುಣ್ಣಿಮೆಯ ಆಚೀಚೆ ಬೀಳುತ್ತದೆ. ದಿನ ಇಷ್ಟು ಸ್ಪಷ್ಟ ಇದ್ದರೂ ಗ್ರಹಣ ಇಲ್ಲ, ವಿಷುವ ಇಲ್ಲ, ಬೇರೆ ರಾಜನೊಂದಿಗೆ ಕೊಂಡಿಯೂ ಇಲ್ಲ. ಅಂಥದ್ದಕ್ಕೆ ಅಕ್ಷರದ ರೂಪ ನೋಡಿ ಶತಮಾನ ಹೇಳಬಹುದು ಅಷ್ಟೇ. ಇಸವಿಯ ಜಾಗ ಖಾಲಿ ಬಿಡಿ.